ಓರೆ ಬೆಳಕಿನಲ್ಲಿ ತೆಗೆದ ಚಿತ್ರಗಳು

ನನ್ನ ಫೋನಿನಲ್ಲಿ ಆ ಹನ್ನೆರಡು ಚಿತ್ರಗಳು ಈಗಲೂ ಇವೆ. ಆರು ಒಬ್ಬ ಗುತ್ತಿಗೆದಾರನವು, ಆರು ಇನ್ನೊಬ್ಬನವು. ಪ್ರತಿ ಆರರಲ್ಲಿ ಮೂರು ಗೋಡೆ ರಿಪೇರಿಗೆ ಮೊದಲಿನವು, ಮೂರು ನಂತರದವು. ಮಿಕ್ಕದ್ದೆಲ್ಲ ನನ್ನ ನೆನಪಿನಲ್ಲಿ ಇರುವುದು. ಅದನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದ್ದರಿಂದ ಚಿತ್ರದಲ್ಲಿ ಇರುವುದನ್ನು ಚಿತ್ರದಲ್ಲಿದೆ ಎಂದೂ ಉಳಿದದ್ದನ್ನು ನನಗೆ ಹಾಗೆ ಅನಿಸುತ್ತದೆ ಎಂದೂ ಬರೆಯಲು ಪ್ರಯತ್ನಿಸುತ್ತೇನೆ.

ನವಿ ಮುಂಬಯಿಯ ನೆರೂಳದಲ್ಲಿ ನಮ್ಮದು ನಾಲ್ಕು ಮಹಡಿಯ ಹಳೆಯ ಕಟ್ಟಡ. ಮೆಟ್ಟಿಲ ಪಕ್ಕದ ಗೋಡೆಗಳು ನೀರು ಕುಡಿದು ಉಬ್ಬಿದ್ದವು, ಪ್ಲಾಸ್ಟರ್ ಹಪ್ಪಳದಂತೆ ಏಳುತ್ತಿತ್ತು. ಮಳೆಗೆ ಮೊದಲು ದುರಸ್ತಿ ಮಾಡಿಸಬೇಕೆಂದು ಸೊಸೈಟಿ ಕಮಿಟಿ ತೀರ್ಮಾನಿಸಿತು. ಇಬ್ಬರು ಗುತ್ತಿಗೆದಾರರು ಬಂದರು. ಮೊದಲನೆಯವನು ಘಣಸೋಲಿಯಲ್ಲಿ ಆಫೀಸು ಇಟ್ಟವನು, ಇಸ್ತ್ರಿ ಮಾಡಿದ ಬಿಳಿ ಅಂಗಿಯವನು. ಎರಡನೆಯವನು ವಿಜಯಪುರದ ಕಡೆಯ ಮಿಸ್ತ್ರಿ. ಇಪ್ಪತ್ತು ವರ್ಷ ಬೇರೆಯವರ ಕೈಕೆಳಗೆ ಗಾರೆ ಹಚ್ಚಿದವನು, ಮೊದಲ ಬಾರಿ ತನ್ನದೇ ಹೆಸರಿನಲ್ಲಿ ಕೆಲಸ ಕೇಳುತ್ತಿದ್ದ. ಈ ಕಟ್ಟಡ ಸಿಕ್ಕರೆ ದಿನಾ ಬೆಳಗ್ಗೆ ನಾಕಾದಲ್ಲಿ ನಿಂತು ಯಾರಾದರೂ ಕೂಲಿಗೆ ಕರೆಯುತ್ತಾರೋ ಎಂದು ಕಾಯುವುದು ತಪ್ಪುತ್ತದೆ ಎಂದು ನನಗೊಬ್ಬನಿಗೇ ಹೇಳಿದ. ನನಗೆ ಹೇಳಿದ್ದು, ಕಮಿಟಿಯಲ್ಲಿ ಕನ್ನಡ ಬರುವವನು ನಾನೊಬ್ಬನೇ ಆಗಿದ್ದರಿಂದ.

ನಮ್ಮ ಕಟ್ಟಡದ ಫ್ಲ್ಯಾಟುಗಳ ಅರ್ಧ ಮಾಲೀಕರು ಇಲ್ಲಿ ಇರುವುದಿಲ್ಲ. ಬಾಡಿಗೆಗೆ ಕೊಟ್ಟು ಕಲ್ಯಾಣದಲ್ಲೋ ಠಾಣೆಯಲ್ಲೋ ಇರುತ್ತಾರೆ, ವಾಟ್ಸಾಪ್ ಗುಂಪಿನಲ್ಲಿ ಹೆಬ್ಬೆರಳು ಎತ್ತುತ್ತಾರೆ. ಅದಕ್ಕಾಗಿ ಸೆಕ್ರೆಟರಿ ಒಂದು ಉಪಾಯ ಹುಡುಕಿದ. ಇಬ್ಬರೂ ತಾವು ಈ ಹಿಂದೆ ಮಾಡಿದ ಒಂದು ಕೆಲಸದ ಮೊದಲಿನ ಮತ್ತು ನಂತರದ ಫೋಟೋ ಕಳಿಸಬೇಕು, ಒಬ್ಬರು ಕೂತು ಹೋಲಿಸಿ ಯಾರ ಫಿನಿಶಿಂಗ್ ಚೆನ್ನಾಗಿದೆ ಎಂದು ಬರೆದುಕೊಡಬೇಕು. ಆ ಒಬ್ಬನು ನಾನಾದೆ. ಹೊಳೆಯುವ ಕನ್ನಡಕ ಹಾಕಿಕೊಂಡು ಸೊಸೈಟಿಯ ನೋಟೀಸುಗಳಲ್ಲಿ ತಪ್ಪು ಹುಡುಕುವವನು ಎಂಬ ಹೆಸರು ನನಗಿತ್ತು.

ಸೆಕ್ರೆಟರಿ ಫೋಟೋಗಳನ್ನು ಕಳಿಸುತ್ತ ನಗುತ್ತ ಕೇಳಿದ: "ಅಂಕಲ್, ಮಿಸ್ತ್ರಿ ಆಪ್ ಕೇ ಗಾಂವ್ ಕಾ ಹೈ ನಾ?"

ನಾನು ಉಡುಪಿ ಕಡೆಯವನು. ಮಿಸ್ತ್ರಿಯ ಊರು ನಾನು ಕಂಡಿಲ್ಲ. ಅವನ ಮಾತು ನನಗೆ ಮೊದಲ ಸಲ ಪೂರ್ತಿ ಅರ್ಥವಾಗುವುದೂ ಇಲ್ಲ. ಆದರೆ ಇಲ್ಲಿಯವರಿಗೆ ನಾವಿಬ್ಬರೂ ಒಂದೇ ಊರಿನವರು. ನಾನು ನಕ್ಕೆ. ನಕ್ಕೆನೋ ಇಲ್ಲವೋ, ಒಳಗೆ ಏನೋ ಗಟ್ಟಿಯಾಯಿತು. ಇನ್ನು ಈ ವಿಷಯದಲ್ಲಿ ಯಾರೂ ನನ್ನತ್ತ ಬೆರಳು ತೋರಿಸಬಾರದು ಎಂದುಕೊಂಡೆ.

ಚಿತ್ರಗಳು. ಘಣಸೋಲಿಯವನ 'ಮೊದಲು' ಮೂರೂ ಗೋಡೆಗೆ ಮೂಗು ತಾಗುವಷ್ಟು ಹತ್ತಿರದಿಂದ ತೆಗೆದವು. ಬಿರುಕು ಹಳ್ಳದಂತೆ ಕಾಣುತ್ತದೆ, ಎದ್ದ ಪ್ಲಾಸ್ಟರಿನ ನೆರಳು ಕಪ್ಪಗಿದೆ. ಅವನ 'ನಂತರ' ಮೂರೂ ನಾಲ್ಕು ಹೆಜ್ಜೆ ಹಿಂದೆ ನಿಂತು, ಎದುರಿನಿಂದ, ಫ್ಲ್ಯಾಶ್ ಹಾಕಿ ತೆಗೆದವು. ಗೋಡೆ ಹಾಲಿನ ಹಾಗಿದೆ. ತೇಪೆ ಹಾಕಿದ ಜಾಗ ಎಲ್ಲಿ ಎಂದು ಹುಡುಕಿದರೂ ಸಿಗುವುದಿಲ್ಲ.

ಮಿಸ್ತ್ರಿಯವು ಕಳಂಬೋಲಿಯ ಕಬ್ಬಿಣದ ಮಾರ್ಕೆಟಿನಲ್ಲಿ ಒಂದು ಗೋದಾಮಿನ ಆಫೀಸಿನ ಗೋಡೆ. 'ಮೊದಲು' ಮತ್ತು 'ನಂತರ' ಎರಡೂ ಒಂದೇ ಜಾಗದಲ್ಲಿ ನಿಂತು ತೆಗೆದವು. ಎರಡರಲ್ಲೂ ಬಲ ಮೂಲೆಯಲ್ಲಿ ಅದೇ ಸ್ವಿಚ್ ಬೋರ್ಡ್ ಇದೆ. ಬೆಳಕು ಕಿಟಕಿಯಿಂದ ಓರೆಯಾಗಿ ಗೋಡೆಯ ಮೈ ಸವರಿಕೊಂಡು ಬರುತ್ತದೆ. ಆ ಬೆಳಕಿನಲ್ಲಿ ತೇಪೆಯ ಅಂಚು ತೆಳ್ಳಗೆ ಕಾಣುತ್ತದೆ. ಎರಡು ಕಡೆ ಕರಣೆ ಎಳೆದ ಅಲೆ ಇದೆ. ಬಣ್ಣ ಒಂದು ಗುಂಜಿ ಗಾಢ.

ಆ ಮಿಸ್ತ್ರಿ ಫೋಟೋ ಕಳಿಸಿದ ಮರುದಿನ ಕೆಳಗೆ ಗೇಟಿನ ಹತ್ತಿರ ಸಿಕ್ಕ. ಫೋಟೋದಿಂದ ಏನೂ ತಿಳಿಯುವುದಿಲ್ಲ, ಒಮ್ಮೆ ಕಳಂಬೋಲಿಗೆ ಬಂದು ನೋಡಬೇಕು ಎಂದ. ಸಡಿಲವಾದದ್ದನ್ನೆಲ್ಲ ಇಟ್ಟಿಗೆ ಕಾಣುವವರೆಗೆ ಕೆತ್ತಿದ್ದೇನೆ, ಕಂಬವೂ ಇಟ್ಟಿಗೆಯೂ ಕೂಡುವಲ್ಲಿ ಜಾಲರಿ ಬಡಿದಿದ್ದೇನೆ, ಗಾರೆ ಗಟ್ಟಿಯಾಗಲೆಂದು ಏಳು ದಿನ ನೀರು ಹೊಡೆದಿದ್ದೇನೆ, ಇವು ಯಾವುವೂ ಫೋಟೋದಲ್ಲಿ ಬರುವುದಿಲ್ಲ ಎಂದ. ಆಮೇಲೆ ತನ್ನ ಬೆರಳ ಗೆಣ್ಣಿನಿಂದ ಗೇಟಿನ ಕಂಬ ತಟ್ಟಿದ.

"ಗ್ವಾಡಿ ಕಣ್ಣಿಲೆ ನೋಡೂದಲ್ರಿ ಸಾಹೇಬ್ರ. ಹಿಂಗ ಬಡದ್ ನೋಡ್ಬೇಕು. ಡಬ್ ಅಂದ್ರ ಒಳಗ ಪೊಳ್ಳ ಐತಿ ಅಂತ."

ನೋಡೋಣ ಎಂದೆ. ರಾತ್ರಿ ಊಟದ ಹೊತ್ತಿಗೆ ಹೆಂಡತಿಗೆ ಹೇಳಿದಾಗ ಅವಳು, "ಒಮ್ಮೆ ಹೋಗಿ ಬಂದರೆ ಎಂತ ಆಗ್ತದೆ ನಿಮಗೆ? ಬಸ್ಸಿನಲ್ಲಿ ಅರ್ಧ ಗಂಟೆ ಅಲ್ವಾ?" ಎಂದಳು.

ನಾನು ಹೋಗಲಿಲ್ಲ. ಕಾರಣ ಬಹಳ ಸ್ಪಷ್ಟವಾಗಿ ನೆನಪಿದೆ, ಅದಕ್ಕೇ ಅದರ ಮೇಲೆ ಅನುಮಾನ. ಘಣಸೋಲಿಯವನ ಗೋಡೆ ಇದ್ದದ್ದು ಯಾರದೋ ಮನೆಯ ಒಳಗೆ, ಅಲ್ಲಿಗೆ ಹೋಗಲು ಆಗುವುದಿಲ್ಲ. ಒಬ್ಬನದನ್ನು ಕೈಯಿಂದ ಮುಟ್ಟಿ ನೋಡಿ ಇನ್ನೊಬ್ಬನದನ್ನು ಫೋಟೋದಲ್ಲಿ ನೋಡಿದರೆ ಅನ್ಯಾಯ. ಅದೂ ಮುಟ್ಟಿ ನೋಡಿದ್ದು ಕನ್ನಡದವನದು ಎಂದಾದರೆ ಏನೆನ್ನುತ್ತಾರೆ. ಇಬ್ಬರಿಗೂ ಒಂದೇ ಅಳತೆ ಎಂದು ಹೆಂಡತಿಗೆ ಹೇಳಿದೆ. ಅವಳು ಸಾರಿನ ಪಾತ್ರೆ ಮುಚ್ಚಿ ಒಳಗೆ ಹೋದಳು.

ಒಂದು ಹಾಳೆಯ ಮೇಲೆ ನಾಲ್ಕು ಅಂಶ ಬರೆದೆ: ಸಮತಟ್ಟು, ತೇಪೆಯ ಅಂಚು, ಬಣ್ಣದ ಹೊಂದಾಣಿಕೆ, ಮೂಲೆಯ ಗೆರೆ. ಇಬ್ಬರ ಹೆಸರನ್ನೂ ಬರೆಯದೆ 'ಒಂದು', 'ಎರಡು' ಎಂದು ಕರೆದೆ. ನಾಲ್ಕರಲ್ಲೂ 'ಒಂದು', ಅಂದರೆ ಘಣಸೋಲಿಯವನದು, ಮುಂದಿತ್ತು. ಭಾನುವಾರ ಪಾರ್ಕಿಂಗಿನಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ ನಡೆದ ಮೀಟಿಂಗಿನಲ್ಲಿ ಓದಿದೆ. ಸೆಕ್ರೆಟರಿ ನನ್ನ ಬೆನ್ನು ತಟ್ಟಿ, ಅಂಕಲ್ ಒಬ್ಬರೇ ಇಲ್ಲಿ ಊರು ಕೇರಿ ನೋಡದವರು ಎಂದು ಎಲ್ಲರ ಮುಂದೆ ಹೇಳಿದ. ನನಗೆ ಸುಖವಾಯಿತು. ಈ ಸುಖ ನಾನು ಈಗ ಹುಟ್ಟಿಸಿಕೊಂಡದ್ದಲ್ಲ. ಅದು ಇತ್ತು.

ಇಲ್ಲಿ ಒಂದು ಜಾಗ ಇದೆ, ಅದನ್ನು ಎಷ್ಟು ಸಲ ಬರೆದರೂ ನೇರ ಬರುವುದಿಲ್ಲ. ಮೊದಲ ಸಲ ಬರೆದಾಗ, ಓರೆ ಬೆಳಕಿನ ವಿಷಯ ನನಗೆ ತಿಂಗಳುಗಳ ನಂತರ ಹೊಳೆಯಿತು ಎಂದು ಬರೆದೆ. ಎದುರಿನ ಫ್ಲ್ಯಾಶು ಎಂಥ ಗೋಡೆಯನ್ನೂ ಸಮ ಮಾಡಿ ತೋರಿಸುತ್ತದೆ, ಓರೆ ಬೆಳಕು ಕೂದಲಿನಷ್ಟು ಅಲೆಯನ್ನೂ ದೊಡ್ಡದು ಮಾಡುತ್ತದೆ, ಎರಡನ್ನೂ ಪಕ್ಕಪಕ್ಕ ಇಟ್ಟು ತೂಗುವುದು ತಪ್ಪು ಎಂದು ಆಗ ಗೊತ್ತಿರಲಿಲ್ಲ ಎಂದು ಬರೆದೆ. ಓದಿದಾಗ ಚೆನ್ನಾಗಿತ್ತು. ಹರಿದು ಹಾಕಿದೆ. ಎರಡನೆಯ ಸಲ, ಗೊತ್ತಿದ್ದೂ ಸುಮ್ಮನಿದ್ದೆ ಎಂದು ಬರೆದೆ. ಅದೂ ಸರಿಯೆನಿಸಲಿಲ್ಲ; ಅಪರಾಧಿಯಾಗುವುದರಲ್ಲೂ ಒಂದು ಜಂಬ ಇರುತ್ತದೆ. ನನ್ನ ಹಾಳೆ ಇನ್ನೂ ಇದೆ. ಅದರ ಅಂಚಿನಲ್ಲಿ ಪೆನ್ಸಿಲಿನಲ್ಲಿ 'ಬೆಳಕು?' ಎಂದು ಬರೆದು ಅಡ್ಡಗೆರೆ ಎಳೆದದ್ದು ಕಾಣುತ್ತದೆ. ಅಕ್ಷರ ನನ್ನದೇ. ಯಾವತ್ತು ಬರೆದೆ, ಯಾವತ್ತು ಹೊಡೆದು ಹಾಕಿದೆ, ಹಾಳೆ ಹೇಳುವುದಿಲ್ಲ.

ಮಿಸ್ತ್ರಿಗೆ ನಾನೇ ಫೋನು ಮಾಡಿ ತಿಳಿಸಿದೆ. ಅವನು ಬೈಯಲಿಲ್ಲ. ಫೋಟೋದಲ್ಲಿ ಏನು ಕಡಿಮೆಯಾಯಿತು ಎಂದಷ್ಟೇ ಕೇಳಿದ. ಅಂಚು ಕಾಣುತ್ತದೆ, ಅಲೆ ಕಾಣುತ್ತದೆ ಎಂದೆ. ಕಾಣಲೆಂದೇ ಕಿಟಕಿಯ ಬೆಳಕಿಗೆ ತೆಗೆದದ್ದು, ನಮ್ಮ ಕೆಲಸ ನಾವು ನೋಡಿಕೊಳ್ಳುವುದೇ ಹಾಗೆ, ಗೋಡೆಗೆ ಒತ್ತಿ ಬಲ್ಬು ಹಿಡಿದು ನೋಡುತ್ತೇವೆ ಎಂದ. ಅವನ ಹಿಂದೆ ರೈಲಿನ ಸದ್ದು ಬಂತು. ಆಮೇಲೆ ಫೋನು ಇಟ್ಟ.

ಘಣಸೋಲಿಯವನ ಕೆಲಸ ಮೇ ಕೊನೆಯಲ್ಲಿ ಶುರುವಾಯಿತು. ತಾನಾಗಿ ಉದುರಿದ ಪ್ಲಾಸ್ಟರನ್ನಷ್ಟೇ ತೆಗೆದರು. ಪೊಳ್ಳಾಗಿದ್ದರೂ ನಿಂತಿದ್ದದ್ದನ್ನು ಹಾಗೇ ಬಿಟ್ಟು ಅದರ ಮೇಲೇ ಹೊಸ ಗಾರೆ ಎಳೆದರು. ಒಂದು ದಿನ ನೀರು ಹೊಡೆದರು. ಮೂರನೆಯ ದಿನ ನಾನು ಹಾಲು ತರಲು ಇಳಿಯುವಾಗ ಎರಡನೆಯ ಮಹಡಿಯ ತಿರುವಿನಲ್ಲಿ ಒಬ್ಬನು ಕುಕ್ಕರಗಾಲಿನಲ್ಲಿ ಕುಳಿತು, ಇನ್ನೂ ಹಸಿ ಇರುವ ಗೋಡೆಗೆ ಪುಟ್ಟಿ ಹಚ್ಚುತ್ತಿದ್ದ. ತಿರುಗಿದ. ಅದೇ ಮಿಸ್ತ್ರಿ.

ಘಣಸೋಲಿಯ ಶೇಠನ ಜನ ನಾಕಾದಿಂದ ಅವನನ್ನು ಕೂಲಿಗೆ ಕರೆತಂದಿದ್ದರು. ಯಾವ ಕಟ್ಟಡ ಎಂದು ಟೆಂಪೋದಿಂದ ಇಳಿದ ಮೇಲೇ ಅವನಿಗೆ ತಿಳಿದದ್ದು.

ಹಸಿ ಗೋಡೆಯ ಮೇಲೆ ಹಚ್ಚಿದರೆ ನಿಲ್ಲುತ್ತದೆಯೇ ಎಂದು ಕೇಳಿದೆ. ಕೇಳುವ ಹಕ್ಕು ನನಗೆ ಇರಲಿಲ್ಲ.

"ನಿಂದ್ರೂದಿಲ್ರಿ," ಎಂದ. "ಶೇಠ ಹಚ್ಚು ಅಂದಾನ. ಹಚ್ಚಾಕತ್ತೀನಿ."

ಸೆಕ್ರೆಟರಿಗೆ ಹೇಳಿದೆ. ಮಳೆ ಬಾಗಿಲಿಗೆ ಬಂದಿದೆ ಅಂಕಲ್, ಒಣಗುವವರೆಗೆ ಕಾಯುತ್ತ ಕೂತರೆ ಗೋಡೆ ಬೋಳಾಗಿಯೇ ನೆನೆಯುತ್ತದೆ, ಮೇಲಾಗಿ ಆರಿಸಿದ್ದು ನೀವೇ ಅಲ್ಲವೇ ಎಂದ. ಅದರಲ್ಲಿ ಕೊಂಕು ಇರಲಿಲ್ಲ. ಗೋಡೆ ಬಡಿದು ನೋಡೋಣ ಬಾ ಎಂದರೆ ಅವನು ಬರಲಿಲ್ಲ. ನಾನೊಬ್ಬನೇ ಎಲ್ಲ ಮಹಡಿಯಲ್ಲೂ ಗೆಣ್ಣಿನಿಂದ ತಟ್ಟುತ್ತ ಹತ್ತಿದೆ. ಡಬ್ ಎಂದಲ್ಲೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಮರುದಿನ ಎಲ್ಲ ಗುರುತುಗಳ ಮೇಲೂ ಪುಟ್ಟಿ ಬಿದ್ದಿತ್ತು.

ಬಣ್ಣ ಮುಗಿದ ಸಂಜೆ, ಕಲ್ಯಾಣ, ಠಾಣೆಗಳಲ್ಲಿ ಇರುವ ಮಾಲೀಕರಿಗೆ ತೋರಿಸಲು 'ನಂತರ'ದ ಫೋಟೋ ಬೇಕು, ನೀವೇ ತೆಗೆದು ಕಳಿಸಿ ಎಂದು ಸೆಕ್ರೆಟರಿ ನನಗೆ ಹೇಳಿದ. ಎರಡನೆಯ ಮಹಡಿಯಲ್ಲಿ ಮಿಸ್ತ್ರಿ ತನ್ನ ಕರಣೆ, ಬ್ರಷ್ಷುಗಳನ್ನು ಡಬ್ಬಿಯ ನೀರಿನಲ್ಲಿ ತೊಳೆಯುತ್ತಿದ್ದ. ಮೆಟ್ಟಿಲ ಕಿಟಕಿಯಿಂದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಗೋಡೆಯ ಮೇಲೆ ಏನೇನು ಏಳಲಿದೆಯೋ ಅದರ ನೆರಳು ಆಗಲೇ ಕಾಣುತ್ತಿತ್ತು. ನಾನು ಕಿಟಕಿಯ ಪಕ್ಕ ನಿಂತು ಫೋನು ಎತ್ತಿದೆ. ಇದ್ದದ್ದು ಇದ್ದ ಹಾಗೆ ಕಳಿಸಬೇಕು ಎಂದು ಒಂದು ಕ್ಷಣ ಅನಿಸಿತ್ತು. ಅನಿಸಿತ್ತೆಂದು ಈಗ ಅನಿಸುತ್ತದೆ.

ಮಿಸ್ತ್ರಿ ತಲೆ ಎತ್ತಿ ನೋಡಿದ. "ಅಲ್ಲಿಂದ ಬ್ಯಾಡ್ರಿ ಸಾಹೇಬ್ರ," ಎಂದ. "ಇಂಥಾ ಫೋಟೋ ಕಳಿಸಿದ್ರ ಶೇಠ ನನ್ನ ಹಾಜರಿ ರೊಕ್ಕ ಹಿಡೀತಾನ. ಎದುರಿಗೆ ಬರ್ರಿ. ನಾಕ್ ಹೆಜ್ಜಿ ಹಿಂದ. ಫ್ಲ್ಯಾಶ್ ಹಾಕ್ರಿ."

ತಾನು ಚಿತ್ರದಲ್ಲಿ ಬರದಂತೆ ಡಬ್ಬಿ ಎತ್ತಿಕೊಂಡು ಎರಡು ಮೆಟ್ಟಿಲು ಕೆಳಗಿಳಿದು ನಿಂತ. ನಾನು ಎದುರಿಗೆ ಹೋದೆ, ನಾಲ್ಕು ಹೆಜ್ಜೆ ಹಿಂದೆ ಸರಿದೆ, ಬೆನ್ನು ಯಾರದೋ ಮನೆಯ ಬಾಗಿಲಿಗೆ ತಾಗಿತು. ಫ್ಲ್ಯಾಶ್ ಹಾಕಿದೆ.

ಗೋಡೆ ಹಾಲಿನ ಹಾಗೆ ಬಂತು. ಅವನು ತಲೆ ಮುಂದೆ ಚಾಚಿ ಪರದೆಯನ್ನು ನೋಡಿದ, ಹೂಂ ಎಂದ, ಇಳಿದು ಹೋದ. ನಾನು ಗುಂಪಿಗೆ ಕಳಿಸಿದೆ. ಮೇಲಿನ ಮಹಡಿ ತಲುಪುವಷ್ಟರಲ್ಲಿ ಹನ್ನೊಂದು ಹೆಬ್ಬೆರಳು ಬಂದಿದ್ದವು. ಜುಲೈಯಲ್ಲಿ ಆ ಗೋಡೆ ಉಬ್ಬಿತು. ಅದರ ಫೋಟೋ ಯಾರೂ ಕೇಳಲಿಲ್ಲ, ನಾನೂ ತೆಗೆಯಲಿಲ್ಲ.