ಬಿ ಬಂತು, ಎ ಬರಲಿಲ್ಲ

ಬೀದರಿನ ಇಂಜಿನಿಯರಿಂಗ್ ಕಾಲೇಜಿನ ಕೊನೆಯ ವರ್ಷದಲ್ಲಿ ನಮಗೆ ಬಂದ ಪ್ರಾಜೆಕ್ಟು ಯುಎಆರ್‌ಟಿ ಟ್ರಾನ್ಸ್‌ಮಿಟರ್. ಒಂದು ಅಕ್ಷರದ ಎಂಟು ಬಿಟ್‌ಗಳನ್ನು ಒಂದೇ ತಂತಿಯ ಮೇಲೆ ಒಂದರ ಹಿಂದೊಂದು ಕಳಿಸುವ ಸರ್ಕ್ಯೂಟು. ಅದನ್ನು ವಿಎಚ್‌ಡಿಎಲ್ ಭಾಷೆಯಲ್ಲಿ ಬರೆದು ಲ್ಯಾಬಿನ ಬೋರ್ಡಿಗೆ ಇಳಿಸಬೇಕಿತ್ತು.

ನನ್ನ ಜೊತೆಗಾತಿ ಔರಾದಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಸಹಪಾಠಿ. ನಾನು ತರಗತಿಯ ಜಾಣ. ಹಾಗೆಂದು ಎಲ್ಲರಿಗೂ ಹೇಳಿದವನೂ ನಾನೇ. ಆದ್ದರಿಂದ ಕೆಲಸವನ್ನು ನಾನೇ ಹಂಚಿದೆ. ಬೋರ್ಡಿನ ಐವತ್ತು ಮೆಗಾಹರ್ಟ್ಸ್ ಕ್ಲಾಕಿನ 5208 ಬಡಿತಗಳಿಗೊಮ್ಮೆ ಟಿಕ್ ಕೊಟ್ಟು, ಸೆಕೆಂಡಿಗೆ ಸುಮಾರು 9600 ಬಿಟ್ ಹೋಗುವಂತೆ ನೋಡಿಕೊಳ್ಳುವ ಬಾಡ್ ರೇಟ್ ಜನರೇಟರ್ ಅವಳಿಗೆ. ಪ್ರತಿ ಟಿಕ್‌ಗೆ ಒಂದೊಂದು ಬಿಟ್ಟನ್ನು ಹೊರಗೆ ಸರಿಸುವ ಶಿಫ್ಟ್ ರಿಜಿಸ್ಟರ್ ನನಗೆ. ಬುದ್ಧಿ ಬೇಕಾದ ಭಾಗ, ನೋಡಿ.

ಮೊದಲ ಪರೀಕ್ಷೆಗೆ ಬೀದರಿನ ಇಂಗ್ಲಿಷ್ ‘ಬಿ’ ಕಳಿಸಿದೆವು. ಕಂಪ್ಯೂಟರಿನ ಪರದೆಯ ಮೇಲೆ ‘ಬಿ’ ಬಂತು. ನಮ್ಮ ಗೈಡ್ ಸರ್ ಭಾಲ್ಕಿಯವರು. ತಮ್ಮೂರಿಗೂ ಅದೇ ಅಕ್ಷರ ಎಂದು ಖುಷಿಪಟ್ಟು, ಅಷ್ಟರಿಂದಲೇ ಇಡೀ ಯುಎಆರ್‌ಟಿ ಸಿದ್ಧವಾಯಿತೆಂದು ರೆಕಾರ್ಡಿಗೆ ಸಹಿ ಹಾಕಿದರು.

“ಒಮ್ಮೆ ಎ ಕಳಸೋಣು. ನಮ್ಮೂರಿಂದು,” ಎಂದಳು ಅವಳು.

ಪರದೆಯ ಮೇಲೆ ಯಾವ ಭಾಷೆಗೂ ಸೇರದ ಒಂದು ಗುರುತು ಮೂಡಿತು.

ನಾನು ಶಾಸ್ತ್ರೀಯವಾಗಿ ವಿಚಾರಣೆ ನಡೆಸಿದೆ. ಮೊದಲು ಕೇಬಲ್ಲನ್ನು ಬೈದೆ, ಆಮೇಲೆ ಬೋರ್ಡನ್ನು. ಕೊನೆಗೆ ಅವಳ ಜನರೇಟರಿನಲ್ಲೇ ಎಣಿಕೆ ತಪ್ಪಿದೆ ಎಂದು ತೀರ್ಪು ಕೊಟ್ಟೆ. ಸರ್ ಕೂಡ ತಲೆಯಾಡಿಸಿದರು.

ಅವಳು ಸಿಟ್ಟಾಗಲಿಲ್ಲ. “ಎಣಿಕಿ ತಪ್ಪಿದ್ರ ಬಿ ಹ್ಯಾಂಗ ಬರ್ತಿತ್ತು?” ಎಂದು ಕೇಳಿ, ಕಾಗದದ ಮೇಲೆ ಎರಡು ಸಾಲು ಬರೆದಳು. ಬಿ: 01000010. ಎ: 01000001. “ಈಗ ಎರಡೂ ಬಲಗಡಿಯಿಂದ ಓದು.”

ಓದಿದೆ. ‘ಬಿ’ ಹಿಂದಿನಿಂದ ಓದಿದರೂ ‘ಬಿ’ಯೇ. ‘ಎ’ ಮಾತ್ರ 10000010 ಆಗಿ ಕೆಟ್ಟಿತ್ತು. ಸೊನ್ನೆಯ ಸ್ಟಾರ್ಟ್ ಬಿಟ್ ಆದ ಮೇಲೆ ಅಕ್ಷರದ ಬಲತುದಿಯ ಬಿಟ್ ಮೊದಲು ಹೋಗಬೇಕು, ಎಡತುದಿಯದು ಕೊನೆಗೆ, ಆಮೇಲೆ ಒಂದರ ಸ್ಟಾಪ್ ಬಿಟ್. ಬುದ್ಧಿವಂತನ ರಿಜಿಸ್ಟರು ಎಡತುದಿಯಿಂದ ಶುರುಮಾಡಿತ್ತು.

ಸರ್ ಒಂದು ಪರಿಹಾರ ಸೂಚಿಸಿದರು: “ಪರೀಕ್ಷಾದಾಗ ಬಿ ಅಷ್ಟೇ ತೋರಸ್ರಿ. ಸಹಿ ಆಗ್ಯದ.”

ಅವಳು ಕೀಬೋರ್ಡನ್ನು ತನ್ನತ್ತ ಎಳೆದುಕೊಂಡು, ಸ್ಟಾರ್ಟ್, ಸ್ಟಾಪ್ ಸೇರಿ ಹತ್ತೂ ಬಿಟ್‌ಗಳನ್ನು ಸರಿಯಾಗಿ ಜೋಡಿಸಿ, ರಿಜಿಸ್ಟರು ಬಲಕ್ಕೆ ಸರಿಯುವಂತೆ ತಿದ್ದಿದಳು. ‘ಎ’ ಬಂತು.

ಪರೀಕ್ಷೆಯ ದಿನ ಹೊರಗಿನಿಂದ ಬಂದ ಪರೀಕ್ಷಕರು ತಮ್ಮ ಹೆಸರಿನ ಅಕ್ಷರಗಳನ್ನೆಲ್ಲ ಕಳಿಸಿ ನೋಡಿದರು. ಎಲ್ಲವೂ ಸರಿಯಾಗಿ ಬಂದವು. ಎಲ್ಲ ಅಕ್ಷರ ಪರೀಕ್ಷಿಸಲು ತಾವೇ ಹೇಳಿದ್ದಾಗಿ ಸರ್ ವಿನಯದಿಂದ ತಿಳಿಸಿದರು. ಶಿಫ್ಟ್ ರಿಜಿಸ್ಟರ್ ಬರೆದವರು ಯಾರೆಂದು ಪರೀಕ್ಷಕರು ಕೇಳಿದಾಗ ನಾನು, “ನಾನ್ರಿ,” ಎಂದೆ.

ಸುಳ್ಳೇನಲ್ಲ. ಅವಳು ನನ್ನ ಕಡೆ ಒಮ್ಮೆ ನೋಡಿ, ಬೋರ್ಡಿನ ಕೇಬಲ್ಲು ಸುತ್ತತೊಡಗಿದಳು. ಆ ನೋಟಕ್ಕೆ ಏನು ಹೇಳಬೇಕಿತ್ತೋ ನನಗೆ ಗೊತ್ತಿತ್ತು. ಹೇಳಲಿಲ್ಲ.