ನೀರಿನ ಟ್ಯಾಂಕಿನೊಳಗೆ ಹಾಡಿದ ಪೇಂಟರ್

ಪಂಪ್‌ಹೌಸಿನ ಅಕ್ಕ ಇಪ್ಪತ್ತು ವರ್ಷದಿಂದ ಊರಿಗೆ ನೀರು ಬಿಡುವವಳು. ಮೋಟಾರು ಸಣ್ಣಗೆ ಕೆಮ್ಮಿದರೂ ಅದಕ್ಕೇನು ಕಾಯಿಲೆ ಎಂದು ಹೇಳಬಲ್ಲಳು. ಒಡಹುಟ್ಟಿದ ತಮ್ಮನ ಕಾಯಿಲೆ ಮಾತ್ರ ಅವಳಿಗೆ ಬಗೆಹರಿದಿರಲಿಲ್ಲ. ತಮ್ಮ ಎತ್ತರದ ಟ್ಯಾಂಕುಗಳಿಗೆ ಬಣ್ಣ ಬಳಿಯುವುದರಲ್ಲಿ ಎತ್ತಿದ ಕೈ. ಎರಡು ಗ್ಲಾಸು ಇಳಿದರೆ ಭಯ ಹೋಗಿ ಕೈ ನೆಟ್ಟಗಾಗುತ್ತದೆ ಎಂಬುದು ಅವನ ಸಿದ್ಧಾಂತ.

ಅವತ್ತು ಗೆಳೆಯನ ಬೀಳ್ಕೊಡುಗೆ ಊಟದಲ್ಲಿ ಮೂರು ಗ್ಲಾಸು ಇಳಿಸಿ, ಅಕ್ಕನ ಕಣ್ಣು ತಪ್ಪಿಸಿ ಟ್ಯಾಂಕು ಹತ್ತಿದ. ಭಯ ಹೋಗಿತ್ತು ನಿಜ, ಜೊತೆಗೆ ಬುದ್ಧಿಯೂ ಹೋಗಿತ್ತು. ನೀರೆಷ್ಟಿದೆ ನೋಡಲು ಮುಚ್ಚಳ ತೆಗೆದವನು ಮುಚ್ಚುವುದನ್ನು ಮರೆತ. ಸೊಂಟದ ಬೆಲ್ಟಿನ ಹಗ್ಗದ ಕೊಕ್ಕೆಯನ್ನು ಕಂಬಿಗೆ ಸಿಕ್ಕಿಸುವ ಬದಲು, ಪಕ್ಕದಲ್ಲಿದ್ದ, ಮುಚ್ಚಳ ಬಿಗಿದ ದೊಡ್ಡ ಖಾಲಿ ಬಣ್ಣದ ಡಬ್ಬದ ಹಿಡಿಗೆ ಸಿಕ್ಕಿಸಿಕೊಂಡ. ಟ್ಯಾಂಕಿನ ನೆತ್ತಿಯ ಮೇಲೆ ಅದರ ನಂಬರು ಏಳನ್ನು ದೊಡ್ಡದಾಗಿ ಬರೆದು, ಅಂದ ನೋಡೋಣವೆಂದು ಎರಡು ಹೆಜ್ಜೆ ಹಿಂದೆ ಸರಿದ. ಮೂರನೆಯ ಹೆಜ್ಜೆಗೆ ನೆಲವಿರಲಿಲ್ಲ.

ಕೆಳಗೆ ಅಕ್ಕನಿಗೆ ಮೇಲಿನಿಂದ ಇಳಿಯುವ ಪೈಪಿನಲ್ಲಿ ಹಾಡು ಕೇಳಿಸಿತು. ಪೈಪು ಹಾಡುವುದನ್ನು ಅವಳು ಈ ನೌಕರಿಯಲ್ಲಿ ಕಂಡಿರಲಿಲ್ಲ. ದನಿ ತಮ್ಮನದೆಂದು ಗುರುತಿಸಿ, ಅಗ್ನಿಶಾಮಕದವರಿಗೆ ಫೋನು ಮಾಡಿ, ಮೋಟಾರು ನಿಲ್ಲಿಸಿ, ಹಗ್ಗ ಹೆಗಲಿಗೇರಿಸಿ ಮೇಲೆ ಹತ್ತಿದಳು. ಒಳಗೆ ಕತ್ತಲಲ್ಲಿ ತಮ್ಮ ಗೋಡೆ ತಡವುತ್ತಿದ್ದ. ಮುಚ್ಚಿದ ಡಬ್ಬ ತೇಲುತ್ತಾ ಅವನನ್ನೂ ತೇಲಿಸಿತ್ತು.

"ಅಕ್ಕಾ, ಹೊಳೆ ದಾಟ್ತಾ ಇದ್ದೀನಿ. ದಡ ಸಿಗ್ತಿಲ್ಲ."

"ಏಣಿ ನಿನ್ನ ಬೆನ್ನಿಗಿದೆ. ತಿರುಗು."

"ನೀನು ಯಾವಾಗ್ಲೂ ಹೀಗೇ, ನಂಗೆ ದಾರಿ ಗೊತ್ತಿಲ್ಲ ಅಂತೀಯ." ಹಾಗೆಂದು ಇನ್ನೂ ಆಚೆಗೆ ಈಜಿದ.

ಇಳಿದು ಎಳೆದು ತರೋಣವೆನಿಸಿತು ಅವಳಿಗೆ. ಕುಡಿದವನು ತಬ್ಬಿಕೊಂಡರೆ ಇಬ್ಬರೂ ಮುಳುಗುತ್ತಾರೆಂದು ಗೊತ್ತಿದ್ದವಳು ಇಳಿಯಲಿಲ್ಲ. ಹಗ್ಗದ ತುದಿಗೆ ಕುಣಿಕೆ ಹಾಕಿ ಎಸೆದಳು. "ಕಂಕುಳಿಗೆ ಹಾಕ್ಕೋ."

"ಬೇಡ. ಮೈ ಬೆಚ್ಚಗಿದೆ, ಇಲ್ಲೇ ಇರ್ತೀನಿ."

ಹಾಗನ್ನುವಾಗಲೇ ಅವನ ಹಲ್ಲು ಕಟಕಟ ಎನ್ನುತ್ತಿತ್ತು. ಮತ್ತೆ ಹಾಡತೊಡಗಿದ, ಸ್ವಲ್ಪ ಹೊತ್ತಿಗೆ ಹಾಡು ನಿಂತಿತು. ಅಕ್ಕ ಟ್ಯಾಂಕಿನ ಬಾಯಿಗೆ ಬಗ್ಗಿದಳು. ಚಿಕ್ಕಂದಿನಲ್ಲಿ ಮಲಗಿದವನನ್ನು ಅಮ್ಮ ಎಬ್ಬಿಸುತ್ತಿದ್ದ ಹಾಗೆ ಗದರಿದಳು: "ಮಗ್ಗುಲು ತಿರುಗೋ, ಮಂಕೇ." ಆ ದನಿಗೆ ತಿರುಗಿದ, ಹಗ್ಗ ಹಿಡಿದ. ಅಷ್ಟರಲ್ಲಿ ಅಗ್ನಿಶಾಮಕದವರು ಬಂದು ಅವನನ್ನೂ ಡಬ್ಬವನ್ನೂ ಎತ್ತಿ ಇಳಿಸಿದರು.

ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು: "ಕುಡಿದಾಗ ಚರ್ಮಕ್ಕೆ ರಕ್ತ ಹರಿದು ಬೆಚ್ಚಗೆನಿಸುತ್ತೆ, ಒಳಗಿನ ಶಾಖ ಮಾತ್ರ ಬೇಗ ಸೋರಿಹೋಗುತ್ತೆ. ಕತ್ತಲಲ್ಲಿ ಮೇಲೆ ಯಾವುದು, ಕೆಳಗೆ ಯಾವುದು ಅನ್ನೋದೂ ತಿಳಿಯಲ್ಲ. ಡಬ್ಬ ಇತ್ತು, ಬದುಕಿದ."

ಟ್ಯಾಂಕು ಖಾಲಿ ಮಾಡಿ ತೊಳೆಯಲು ಎರಡು ದಿನ ಹಿಡಿಯಿತು. ನೀರಿಲ್ಲದೆ ಊರಿಗೆ ಊರೇ ಅಕ್ಕನ ಬಾಗಿಲಿಗೆ ಕೊಡ ಹಿಡಿದು ಬಂದು ಬೈದಿತು. ತಮ್ಮ ಈಗ ಕಾಂಪೌಂಡು ಗೋಡೆಗಳಿಗೆ ಬಣ್ಣ ಬಳಿಯುತ್ತಾನೆ. ಕುಡಿತ ಬಿಟ್ಟಿದ್ದೇನೆ ಎನ್ನುತ್ತಾನೆ. ಅಕ್ಕ ಅರ್ಧ ನಂಬಿದ್ದಾಳೆ.