ಸಿಸ್ಟರಮ್ಮನ ಲ್ಯಾಮಿನೇಷನ್

ಸರ್ಕಾರಿ ಆಸ್ಪತ್ರೆಯಲ್ಲಿ ಊರಿಗೆಲ್ಲ ಸೂಜಿ ಚುಚ್ಚಿ ಗದರಿಸಿದ ಸಿಸ್ಟರಮ್ಮ, ಅಣ್ಣನ ಮಗನ ಮುಂದೆ ಮಾತ್ರ ಬೆಣ್ಣೆ. ನಿವೃತ್ತಿಯಾದಾಗ ಪಿಂಚಣಿಯ ಮೂರನೇ ಒಂದು ಭಾಗವನ್ನು ಕಮ್ಯುಟೇಶನ್ ಮಾಡಿಸಿ, ಅದರ ಬದಲಿಗೆ ಬಂದ ಇಡಿಗಂಟನ್ನು ಅವನ ಮನೆಯ ಮಹಡಿಗೆ ಸುರಿದಳು. ಮಹಡಿ ಎದ್ದಿತು, ಬಾಡಿಗೆದಾರರು ಬಂದರು. ಸಿಸ್ಟರಮ್ಮನಿಗೆ ಸಿಕ್ಕಿದ್ದು ಹಜಾರದಲ್ಲಿ ಟಿವಿ ಎದುರಿನ ಮಂಚ. ಮನೆಮಂದಿಯೆಲ್ಲ ಅದರ ಮೇಲೇ ಕೂತು ಧಾರಾವಾಹಿ ನೋಡುತ್ತಿದ್ದರು. ಹದಿನೈದು ವರ್ಷ ಅವಳು ಅವರ ಬೆನ್ನು ನೋಡುತ್ತ ಮಲಗಿದಳು.

ಸರ್ಕಾರ ಇಡಿಗಂಟು ಕೊಟ್ಟು ಹದಿನೈದು ವರ್ಷವಾದರೆ, ಅದಕ್ಕಾಗಿ ತಿಂಗಳ ಪಿಂಚಣಿಯಲ್ಲಿ ಹಿಡಿಯುವ ಕಡಿತ ನಿಂತು ಪೂರ್ತಿ ಪಿಂಚಣಿ ಮರಳಬೇಕು. ಅಷ್ಟು ಬಂದರೆ ಬೀದಿ ತುದಿಯಲ್ಲೊಂದು ಕೋಣೆ ಹಿಡಿದು ಒಳಗಿನಿಂದ ಚಿಲಕ ಹಾಕಿಕೊಳ್ಳಬೇಕು ಎಂಬುದೊಂದೇ ಅವಳ ಆಸೆ. ಗಡುವು ಮುಗಿದು ಮೂರು ತಿಂಗಳಾದರೂ ಕಡಿತ ನಿಲ್ಲದಿದ್ದಾಗ ಅರ್ಜಿ ಹಿಡಿದು ಬ್ಯಾಂಕಿಗೆ ನಡೆದಳು.

ಪಿಂಚಣಿ ನೋಡುವ ಅಧಿಕಾರಿ ಕಂಪ್ಯೂಟರಿಗೆ ಇಣುಕಿದ. "ಹಳೇ ಶಾಖೆಯಿಂದ ನಿಮ್ಮ ಖಾತೆ ಇಲ್ಲಿಗೆ ಬಂದಾಗ ಕಮ್ಯುಟೇಶನ್ ಕೊಟ್ಟ ತಾರೀಖು ಬಂದಿಲ್ಲಮ್ಮ. ಅದಿಲ್ದೆ ಕಡಿತ ತಾನಾಗಿ ನಿಲ್ಲಲ್ಲ. ಪಿಂಚಣಿ ಪುಸ್ತಕ ಕೊಡಿ."

ಅವಳು ಹೆಮ್ಮೆಯಿಂದಲೇ ಕೊಟ್ಟಳು. ಪುಟಪುಟಕ್ಕೂ ಲ್ಯಾಮಿನೇಷನ್.

"ತಾರೀಖೇನೋ ಇದೆ. ಆದ್ರೆ ಪೂರ್ತಿ ಪಿಂಚಣಿ ಮತ್ತೆ ಶುರುವಾಯ್ತು ಅಂತ ನಮ್ಮ ಪ್ರತೀಲೂ ಇದ್ರಲ್ಲೂ ಬರೆದು ಸಹಿ ಹಾಕ್ಬೇಕು. ಇದ್ರ ಮೇಲೆ ಪೆನ್ನು ಹಿಡಿಯಲ್ಲ."

"ಹಾಳಾಗ್ಬಾರ್ದು ಅಂತ ಮಾಡಿಸಿದ್ದು."

"ಹಾಳೂ ಆಗಲ್ಲ, ಕೆಲಸಕ್ಕೂ ಬರಲ್ಲ. ಪುಸ್ತಕದ ಇನ್ನೊಂದು ಪ್ರತಿ ಬೇಕು ಅಂತ ಅರ್ಜಿ ಬರ್ಕೊಳ್ಳಿ. ಬರೋಕೆ ವರ್ಷಾನೂ ಆಗ್ಬಹುದು."

ಇನ್ನೊಂದು ವರ್ಷ ಆ ಬೆನ್ನುಗಳನ್ನು ನೋಡುವುದೆಂದರೆ ಅವಳಿಗೆ ಮೈಯೆಲ್ಲ ಉರಿಯಿತು. ಚೀಲದಿಂದ ಪುಟ್ಟ ಕತ್ತರಿ ತೆಗೆದಳು. "ನೀವು ಆ ತುದಿ ಹಿಡ್ಕೊಳ್ಳಿ. ಕೈ ನಡುಗಿಸ್ಬೇಡಿ."

ಅಧಿಕಾರಿ ತೆಪ್ಪಗೆ ಹಿಡಿದುಕೊಂಡ. ಲ್ಯಾಮಿನೇಷನ್ ಮಾಡಿದ್ದ ಜೆರಾಕ್ಸ್ ಅಂಗಡಿಯವನ ಕಳಪೆ ಕೆಲಸ ಮೊದಲ ಸಲ ಪುಣ್ಯ ಕಟ್ಟಿಕೊಂಡಿತು: ಷರಾ ಬರೆಯುವ ಖಾಲಿ ಪುಟದಲ್ಲಿ ಪ್ಲಾಸ್ಟಿಕ್ ಗುಳ್ಳೆ ಎದ್ದಿತ್ತು. ಹಳೇ ಗಾಯದ ಪಟ್ಟಿ ಬಿಡಿಸುವ ಹಾಗೆ ಅಂಚಿನಿಂದ ಎಬ್ಬಿಸುತ್ತ ಹೋದಳು. ಹಿಂದಿನ ಸಾಲಿನವರು ಗೊಣಗುವುದನ್ನು ಬಿಟ್ಟು ಕತ್ತು ಚಾಚಿದರು. ಒಂದು ಮೂಲೆ ಹರಿಯಿತು, ಉಳಿದದ್ದು ಬದುಕಿಕೊಂಡಿತು. ಅಧಿಕಾರಿ ಬೆವರೊರೆಸಿಕೊಂಡು ಷರಾ ಬರೆದು ಸಹಿ ಹಾಕಿದ.

ಮುಂದಿನ ತಿಂಗಳು ಪೂರ್ತಿ ಪಿಂಚಣಿ, ಹೆಚ್ಚಾಗಿ ಹಿಡಿದದ್ದರ ಬಾಕಿಯೊಂದಿಗೆ ಬಂತು. ಸುದ್ದಿ ತಿಳಿದ ಅಣ್ಣನ ಮಗ, "ಅತ್ತೆ, ಇನ್ನೊಂದು ಮಹಡಿ ಎಬ್ಬಿಸಿದ್ರೆ ಹೇಗೆ?" ಎಂದ.

"ಎಬ್ಬಿಸ್ಕೊಳಪ್ಪ. ನಾನು ಕೋಣೆ ನೋಡಿದ್ದೀನಿ," ಎಂದು ಅವಳು ಬಟ್ಟೆ ಮಡಚತೊಡಗಿದಳು.

ಕೋಣೆಗೆ ಹೋದ ಮೊದಲ ಮಧ್ಯಾಹ್ನವೇ ಅವನು ಬಂದು ಬಾಗಿಲು ತಟ್ಟಿದ. "ಅತ್ತೆ, ಮಲಗಿದ್ದೀರಾ? ಬೇಜಾರಾ ನನ್ ಮೇಲೆ?"

ಅವಳಿಗೆ ಎಚ್ಚರವಿತ್ತು. ಎತ್ತಿ ಆಡಿಸಿದ ಹುಡುಗ ಎಂದು ಒಮ್ಮೆ ಚಿಲಕದತ್ತ ನೋಡಿದಳು. ಆದರೂ ಗೋಡೆಯ ಕಡೆ ಮಗ್ಗುಲು ಬದಲಿಸಿ, ಅವನ ಚಪ್ಪಲಿ ಸದ್ದು ದೂರವಾಗುವವರೆಗೆ ಗೊರಕೆ ಹೊಡೆದಳು.